ನಾಯ್ಸ್ ತೆಗೆದ ವಿಡಿಯೋಗೆ ಮತ್ತೆ ಗ್ರೇನ್: ಎಷ್ಟು, ಎಲ್ಲಿ, ಯಾವ ಹಂತದಲ್ಲಿ

ಕರಾವಳಿಯ ಬಯಲಾಟವನ್ನು ರಾತ್ರಿ ಚಿತ್ರೀಕರಿಸುವವರಿಗೆ ಐಎಸ್‌ಒ 12800 ಹೊಸದೇನಲ್ಲ. ರಂಗಸ್ಥಳಕ್ಕೆ ಇರುವುದು ನಾಲ್ಕಾರು ಲೈಟು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಲೈಟು ಮಿಣುಕದಿರಲಿ ಎಂದು ಶಟರ್ 1/50ಕ್ಕೆ ಕಟ್ಟಿಹಾಕಿರುತ್ತೇವೆ. ಪ್ರೇಕ್ಷಕರ ಹಿಂದಿನಿಂದ ಹಿಡಿಯಬೇಕಾದ್ದರಿಂದ ಲೆನ್ಸು f/5.6ರ ಝೂಮ್. ಇಷ್ಟಾದ ಮೇಲೆ ಉಳಿಯುವ ದಾರಿ ಐಎಸ್‌ಒ ಏರಿಸುವುದೊಂದೇ. ಮನೆಗೆ ಬಂದು ನೋಡಿದರೆ ಹಿಂದಿನ ಕಪ್ಪು ಪರದೆಯ ಮೇಲೆಲ್ಲ ನೇರಳೆ, ಹಸಿರು ಚುಕ್ಕೆಗಳು ಕುಣಿಯುತ್ತಿರುತ್ತವೆ. ಡಿನಾಯ್ಸ್ ಜೋರಾಗಿ ಹಾಕಿದರೆ ಚುಕ್ಕೆ ಹೋಗುತ್ತದೆ, ಜೊತೆಗೆ ಚಿತ್ರದ ಜೀವವೂ ಹೋಗುತ್ತದೆ. ಬಣ್ಣದ ವೇಷದ ಮುಖದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಒಂದೊಂದಾಗಿ ಇಟ್ಟ ಚುಟ್ಟಿಯ ಮುಳ್ಳುಗಳು ಒಂದಕ್ಕೊಂದು ಕರಗಿ ಬಿಳಿ ಪಟ್ಟಿಯಾಗುತ್ತವೆ. ಕೆನ್ನೆ ಮೇಣ ಬಳಿದಂತೆ ಹೊಳೆಯುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ, ಮೇಲೆ ಸ್ವಲ್ಪ ಗ್ರೇನ್, ಅಂದರೆ ಫಿಲ್ಮಿನಲ್ಲಿ ಕಾಣುವಂಥ ಸಣ್ಣ ಕಣಗಳನ್ನು, ಹಾಕುವುದು. ಸಲಹೆ ಸರಿಯೇ. ಆದರೆ ಯಾವುದೋ ಗ್ರೇನ್ ಅನ್ನು ಯಾವುದೋ ಹಂತದಲ್ಲಿ ಹಾಕಿದರೆ ಪ್ಲಾಸ್ಟಿಕ್ ಮುಖದ ಮೇಲೆ ಚುಕ್ಕೆ ಎರಚಿದಂತಾಗುತ್ತದೆ, ಅಷ್ಟೇ. ಆಟದ ಇಂಥ ಒಂದು ರೆಕಾರ್ಡಿಂಗನ್ನು ಉದಾಹರಣೆಯಾಗಿಟ್ಟುಕೊಂಡು ಕೆಲಸದ ಕ್ರಮವನ್ನು ಇಲ್ಲಿ ನೋಡೋಣ. ಎರಡು ಕ್ಯಾಮೆರಾ, 4ಕೆ, ಸೆಕೆಂಡಿಗೆ 25 ಫ್ರೇಮು. ಕೊನೆಗೆ ಕೊಡಬೇಕಾದದ್ದು 1920×1080. ಸಾಫ್ಟ್‌ವೇರ್ ಡವಿಂಚಿ ರಿಸಾಲ್ವ್ ಸ್ಟುಡಿಯೋ. ಉಚಿತ ಆವೃತ್ತಿಯಲ್ಲಿ ನಾಯ್ಸ್ ರಿಡಕ್ಷನ್ ಸಿಗುವುದಿಲ್ಲ. ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಲೆಕ್ಕ ಇದೇ, ಬಟನ್ನುಗಳ ಹೆಸರು ಮಾತ್ರ ಬೇರೆ.

ಪ್ಲಾಸ್ಟಿಕ್ ನೋಟ ಎಲ್ಲಿಂದ ಬರುತ್ತದೆ

ಡಿನಾಯ್ಸ್ ಎರಡು ಬಗೆಯಲ್ಲಿ ನಡೆಯುತ್ತದೆ. ಟೆಂಪೊರಲ್ ಎಂಬುದು ಅಕ್ಕಪಕ್ಕದ ಫ್ರೇಮುಗಳನ್ನು ಸೇರಿಸಿ ಸರಾಸರಿ ತೆಗೆಯುತ್ತದೆ. ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆಯಾಗಿರುವುದರಿಂದ ಸರಾಸರಿಯಲ್ಲಿ ಅದು ತಗ್ಗುತ್ತದೆ. ಚಿತ್ರ ಒಂದೇ ಆಗಿರುವುದರಿಂದ ಉಳಿಯುತ್ತದೆ. ಎಷ್ಟು ಫ್ರೇಮು ಸೇರಿಸುತ್ತೀರೋ ಆ ಸಂಖ್ಯೆಯ ವರ್ಗಮೂಲದಷ್ಟು ಪಾಲು ನಾಯ್ಸ್ ಇಳಿಯುತ್ತದೆ. ಆಚೆ ಎರಡು, ಈಚೆ ಎರಡು, ನಡುವಿನದೊಂದು, ಹೀಗೆ ಐದು ಫ್ರೇಮು ಸೇರಿಸಿದರೆ ಉಳಿಯುವುದು ಮೊದಲಿನ ಸುಮಾರು ಶೇ. 45. ಸ್ಪೇಷಿಯಲ್ ಎಂಬುದು ಒಂದೇ ಫ್ರೇಮಿನೊಳಗೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸುತ್ತದೆ. ಯಾವುದು ನಾಯ್ಸ್, ಯಾವುದು ಬಟ್ಟೆಯ ನೇಯ್ಗೆ ಎಂದು ಅದಕ್ಕೆ ಖಚಿತವಾಗಿ ತಿಳಿಯುವುದಿಲ್ಲ. ದಪ್ಪ ಅಂಚುಗಳನ್ನು ಗುರುತಿಸಿ ಉಳಿಸಿಕೊಳ್ಳುತ್ತದೆ, ಅಂಚಿಲ್ಲದ ಕಡೆ ಎಲ್ಲವನ್ನೂ ಒರೆಸುತ್ತದೆ.

ಹೀಗಾಗಿ ಕಣ್ಣಿನ ಕಾಡಿಗೆಯ ಗೆರೆ, ಕಿರೀಟದ ಅಂಚು ಹರಿತವಾಗಿ ಉಳಿದು, ಅವುಗಳ ನಡುವಿನ ಕೆನ್ನೆ ಬೋಳಾಗುತ್ತದೆ. ಹರಿತವಾದ ಅಂಚು, ಅದರ ಪಕ್ಕದಲ್ಲೇ ಏನೂ ಇಲ್ಲದ ಜಾಗ: ಕಣ್ಣು ಇದನ್ನು ನಯವಾದ, ಅಚ್ಚಿನಲ್ಲಿ ಎರಕ ಹೊಯ್ದ ವಸ್ತು ಎಂದೇ ಓದುತ್ತದೆ.

ಟೆಂಪೊರಲ್ ಕೂಡ ತನ್ನದೇ ಒಂದು ಕುರುಹು ಬಿಡುತ್ತದೆ. ನಿಂತಿರುವ ಪರದೆಯಲ್ಲಿ ಅದು ಪೂರ್ತಿ ಕೆಲಸ ಮಾಡುತ್ತದೆ. ಕಲಾವಿದ ಗಿರಕಿ ಹೊಡೆಯುವಾಗ ಅಕ್ಕಪಕ್ಕದ ಫ್ರೇಮುಗಳು ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ಅಲ್ಲಿ ನಾಯ್ಸ್ ಹಾಗೇ ಉಳಿಯುತ್ತದೆ. ಪರಿಣಾಮವಾಗಿ ಹಿಂದೆ ತೊಳೆದಿಟ್ಟ ಪರದೆ, ಮುಂದೆ ನಾಯ್ಸ್ ತುಂಬಿದ ವೇಷ. ಬೇರೆಲ್ಲೋ ತೆಗೆದ ವೇಷವನ್ನು ತಂದು ಪರದೆಯ ಮೇಲೆ ಅಂಟಿಸಿದಂತೆ ಕಾಣುತ್ತದೆ. ಗ್ರೇನ್ ಸರಿಪಡಿಸುವ ದೋಷಗಳಲ್ಲಿ ಬಹುಶಃ ಇದೇ ಮುಖ್ಯವಾದದ್ದು, ಆದರೆ ಜನ ಇದನ್ನು ಗಮನಿಸುವುದು ಕಡಿಮೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಳೆದುಹೋದ ಚುಟ್ಟಿಯನ್ನು ಗ್ರೇನ್ ಮರಳಿ ತರುವುದಿಲ್ಲ. ಬೋಳು ಜಾಗಕ್ಕೂ ಅಂಚಿಗೂ ಇರುವ ವ್ಯತ್ಯಾಸವನ್ನು ಅದು ತಗ್ಗಿಸುತ್ತದೆ, ಪರದೆ ಮತ್ತು ವೇಷವನ್ನು ಒಂದೇ ಮಟ್ಟಕ್ಕೆ ತರುತ್ತದೆ, ಬಣ್ಣದ ಪಟ್ಟೆಗಳನ್ನು ಒಡೆಯುತ್ತದೆ. ಚುಟ್ಟಿ ಬೇಕಿದ್ದರೆ ಅದನ್ನು ಡಿನಾಯ್ಸ್ ಹಂತದಲ್ಲೇ ಕಾಪಾಡಿಕೊಳ್ಳಬೇಕು.

ಗ್ರೇನ್‌ಗಿಂತ ಮೊದಲು: ಎಷ್ಟು ತೆಗೆದಿದ್ದೇವೆ ಎಂದು ನೋಡುವುದು

ನಾಯ್ಸ್ ರಿಡಕ್ಷನ್ ಮೊದಲನೆಯ ನೋಡ್‌ನಲ್ಲಿರಲಿ, ಕಾಂಟ್ರಾಸ್ಟ್ ಮತ್ತು ಶಾರ್ಪ್‌ನೆಸ್‌ಗಿಂತ ಮುಂಚೆ. ಮೊದಲು `Temporal NR`: ಆಚೀಚೆ ಎರಡೆರಡು ಫ್ರೇಮು. ಮೂರಕ್ಕಿಂತ ಹೆಚ್ಚು ಕೊಟ್ಟರೆ ಕೈಬೆರಳು, ಗೆಜ್ಜೆ ಕಟ್ಟಿದ ಕಾಲುಗಳ ಹಿಂದೆ ಮಸುಕಾದ ನೆರಳು ಎಳೆಯಲು ಶುರುವಾಗುತ್ತದೆ. ಆಮೇಲೆ `Spatial NR`. ಇಲ್ಲಿ ಲ್ಯೂಮಾ ಎಂಬ ಬೆಳಕಿನ ಭಾಗ ಮತ್ತು ಕ್ರೋಮಾ ಎಂಬ ಬಣ್ಣದ ಭಾಗದ ಬೀಗ ಬಿಚ್ಚಿ ಎರಡನ್ನೂ ಬೇರೆ ಮಾಡಿಕೊಳ್ಳಿ. ಕ್ರೋಮಾವನ್ನು ಧಾರಾಳವಾಗಿ ಏರಿಸಬಹುದು. ನೇರಳೆ–ಹಸಿರು ಚುಕ್ಕೆ ಅಲ್ಲೇ ಇರುವುದು, ಬಣ್ಣ ತುಸು ಮಸುಕಾದರೆ ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಲ್ಯೂಮಾ ಮಾತ್ರ ಜಿಪುಣತನದಿಂದ ಕೊಡಿ. ಚುಟ್ಟಿ, ನೇಯ್ಗೆ, ಚರ್ಮ ಎಲ್ಲವೂ ಇರುವುದು ಅದರಲ್ಲೇ.

ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಊಹಿಸಬೇಕಿಲ್ಲ. ಟೈಮ್‌ಲೈನಿನಲ್ಲಿ ಮೂಲ ಕ್ಲಿಪ್ ಕೆಳಗೆ, ಡಿನಾಯ್ಸ್ ಮಾಡಿದ ಅದೇ ಕ್ಲಿಪ್ ಮೇಲೆ ಇಟ್ಟು, ಮೇಲಿನದರ ಕಾಂಪೋಸಿಟ್ ಮೋಡ್ ಅನ್ನು `Difference`ಗೆ ಬದಲಿಸಿ. ಈ ಹೋಲಿಕೆ ಮಾಡುವಾಗ ಎರಡರಲ್ಲೂ ಬೇರೆ ಗ್ರೇಡಿಂಗ್ ಇರಬಾರದು. ತೆರೆಯ ಮೇಲೆ ಈಗ ಕಾಣುವುದು ತೆಗೆದುಹಾಕಿದ ಭಾಗ ಮಾತ್ರ. ಅದು ತೀರಾ ಕಪ್ಪಾಗಿರುತ್ತದೆ, ಹಾಗಾಗಿ ಮೇಲೊಂದು ಅಡ್ಜಸ್ಟ್‌ಮೆಂಟ್ ಕ್ಲಿಪ್ ಇಟ್ಟು ಗೇನ್ ಸಾಕಷ್ಟು ಏರಿಸಿ. ಬರೀ ಮರಳು ಮರಳಾದ ಚುಕ್ಕೆ ಕಂಡರೆ ಕೆಲಸ ಸರಿಯಾಗಿದೆ. ಮುಖದ ಆಕಾರ, ಚುಟ್ಟಿಯ ಸಾಲು, ಸೀರೆಯ ಚೌಕಳಿ ಕಾಣುತ್ತಿದ್ದರೆ ನಾಯ್ಸ್ ಜೊತೆ ಚಿತ್ರವನ್ನೂ ಎಸೆಯುತ್ತಿದ್ದೀರಿ ಎಂದರ್ಥ. ಲ್ಯೂಮಾವನ್ನು ಇಳಿಸುತ್ತ ಬನ್ನಿ, ಆ ಆಕಾರ ಮಾಯವಾಗುವ ಹೊತ್ತಿಗೆ ನಿಲ್ಲಿಸಿ.

ಇಷ್ಟಾದರೂ ಮುಖ ಬೋಳೆನಿಸಿದರೆ ಕೃತಕ ಗ್ರೇನ್‌ಗೆ ಹೋಗುವ ಮೊದಲು ಮೂಲವನ್ನೇ ಸ್ವಲ್ಪ ಬೆರೆಸಿ. ಡಿನಾಯ್ಸ್ ನೋಡ್‌ನ ಕೀ ಪ್ಯಾಲೆಟ್‌ನಲ್ಲಿ `Key Output` ಗೇನ್ 1ರಿಂದ 0.8ಕ್ಕೆ ಇಳಿಸಿದರೆ ಐದರಲ್ಲೊಂದು ಪಾಲು ಮೂಲ ಚಿತ್ರ ವಾಪಸ್ ಬರುತ್ತದೆ. ಅದರೊಂದಿಗೆ ಬರುವ ಸಣ್ಣ ವಿವರ ನಿಜವಾದದ್ದು, ಅದನ್ನು ಯಾವ ಗ್ರೇನೂ ಕೊಡಲಾರದು. ಇದಕ್ಕೊಂದು ಮಿತಿಯಿದೆ: ಬಣ್ಣದ ಚುಕ್ಕೆಗಳೂ ಅಷ್ಟೇ ಪಾಲು ಮರಳಿ ಬರುತ್ತವೆ. ಅವು ಕಣ್ಣಿಗೆ ಚುಚ್ಚಿದರೆ 0.9ರಲ್ಲೇ ನಿಲ್ಲಿ.

ಬೆಳಕಿಗೆ ತಕ್ಕ ಗ್ರೇನ್

ಗ್ರೇನ್ ಸಹಜವಾಗಿ ಕಾಣಬೇಕಾದರೆ ಅದು ಚಿತ್ರದ ಎಲ್ಲ ಕಡೆ ಒಂದೇ ಸಮ ಇರಬಾರದು. ತೀರಾ ಕಪ್ಪಿನಲ್ಲೂ ತೀರಾ ಬಿಳಿಯಲ್ಲೂ ಕಡಿಮೆಯಾಗಿ, ನಡುವಿನ ಬೆಳಕಿನಲ್ಲಿ ಹೆಚ್ಚಾಗಿರಬೇಕು. ಇದು ಬರೀ ರುಚಿಯ ಮಾತಲ್ಲ. ಗ್ರೇನ್ ಪಿಕ್ಸೆಲ್ಲನ್ನು ಮೇಲಕ್ಕೂ ಕೆಳಕ್ಕೂ ತಳ್ಳುತ್ತದೆ. ಪೂರ್ತಿ ಕಪ್ಪಾದ ಪಿಕ್ಸೆಲ್ ಕೆಳಗೆ ಹೋಗಲಾರದು, ಮೇಲಕ್ಕೆ ಮಾತ್ರ ಹೋಗುತ್ತದೆ. ಆಗ ಸರಾಸರಿ ಏರಿ ಕಪ್ಪು ಬೂದು ಬಣ್ಣವಾಗುತ್ತದೆ. ಬಿಳಿಯ ಕಡೆ ಇದರ ತಿರುವುಮುರುವು: ಭಾಗವತರ ಬಿಳಿ ಪಂಚೆ ಕೊಳೆಯಾದಂತೆ ಕಾಣುತ್ತದೆ.

ಈ ತೊಂದರೆ ತಪ್ಪಿಸಲು ಸಾಮಾನ್ಯವಾಗಿ ಬಳಸುವುದು ಓವರ್‌ಲೇ ಮೋಡ್. ಗ್ರೇನ್ ಪದರ ನಡು ಬೂದು ಬಣ್ಣದ್ದಾಗಿರುತ್ತದೆ. ಅದು ಬೂದಿನಿಂದ ಎಷ್ಟು ಆಚೀಚೆ ಸರಿದಿದೆಯೋ ಅದನ್ನು n ಎನ್ನೋಣ. ಕೆಳಗಿನ ಚಿತ್ರದ ಬೆಳಕು a, 0 ಎಂದರೆ ಕಪ್ಪು, 1 ಎಂದರೆ ಬಿಳಿ. ಓವರ್‌ಲೇ ಸೂತ್ರವನ್ನು ಬಿಡಿಸಿದರೆ ಸಿಗುವುದು ಇಷ್ಟು:

```
a < 0.5 :  a + 2·a·n
a ≥ 0.5 :  a + 2·(1 − a)·n
```

ನಡು ಬೆಳಕಿನಲ್ಲಿ, ಅಂದರೆ a 0.5 ಇದ್ದಾಗ, n ಪೂರ್ತಿ ಬೀಳುತ್ತದೆ. 0.1 ಇದ್ದರೆ ಐದರಲ್ಲೊಂದು ಪಾಲು, 0.9 ಇದ್ದರೂ ಅಷ್ಟೇ. ಎರಡೂ ತುದಿಗಳಲ್ಲಿ ಸೊನ್ನೆ. ಹಗಲಿನ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ರಾತ್ರಿಯ ಆಟಕ್ಕೆ ಮಾತ್ರ ಇದೇ ಸೂತ್ರ ಕೈಕೊಡುತ್ತದೆ. ಫ್ರೇಮಿನ ಮುಕ್ಕಾಲು ಭಾಗ ಕಪ್ಪು ಪರದೆ, ಆಚೆಯ ಕತ್ತಲು. ಅಲ್ಲಿ a ಹೆಚ್ಚೆಂದರೆ 0.05, 0.1. ಪಟ್ಟೆಗಳು ಕಾಣುವುದೂ ಅಲ್ಲೇ. 8 ಬಿಟ್ ವಿಡಿಯೋದಲ್ಲಿ ಲೈಟಿನ ಹೊಳಪು ಪರದೆಯ ಮೇಲೆ ನಿಧಾನವಾಗಿ ಇಳಿಯುವಾಗ ಅದಕ್ಕೆ ಸಿಗುವುದು ಹತ್ತು ಹದಿನೈದು ಮೆಟ್ಟಿಲು. ಮೊದಲು ನಾಯ್ಸ್ ಈ ಮೆಟ್ಟಿಲುಗಳನ್ನು ಮುಚ್ಚಿತ್ತು, ಡಿನಾಯ್ಸ್ ಆದ ಮೇಲೆ ಅವು ಉಂಗುರ ಉಂಗುರವಾಗಿ ಎದ್ದು ಕಾಣುತ್ತವೆ. ಮೆಟ್ಟಿಲನ್ನು ಒಡೆಯಲು ಗ್ರೇನ್ ಕನಿಷ್ಠ ಅರ್ಧ ಮೆಟ್ಟಿಲಿನಷ್ಟಾದರೂ ಅಲುಗಾಡಬೇಕು. ನಡು ಬೆಳಕಿನಲ್ಲಿ ಎರಡು ಮೆಟ್ಟಿಲಿನಷ್ಟು ಅಲುಗಾಡುವ ಗ್ರೇನ್ ಹಾಕಿದ್ದೀರಿ ಎಂದುಕೊಳ್ಳಿ. a 0.05 ಇರುವ ಕಡೆ ಓವರ್‌ಲೇ ಅದನ್ನು ಹತ್ತರಲ್ಲೊಂದಕ್ಕೆ ಇಳಿಸುತ್ತದೆ, ಅಂದರೆ 0.2 ಮೆಟ್ಟಿಲು. ಮುಖದ ಮೇಲೆ ಗ್ರೇನ್ ಚೆನ್ನಾಗಿ ಕೂತಿರುತ್ತದೆ, ಪರದೆಯ ಮೇಲಿನ ಉಂಗುರ ಹಾಗೇ ಇರುತ್ತದೆ. ಆಗ ಜನ ಒಟ್ಟು ಗ್ರೇನನ್ನೇ ಏರಿಸುತ್ತಾರೆ, ಮುಖ ಹಾಳಾಗುತ್ತದೆ.

ಸರಿಯಾದ ದಾರಿ, ಕತ್ತಲಿಗೆಂದೇ ಇನ್ನೊಂದು ಗ್ರೇನ್ ನೋಡ್. ಆ ನೋಡ್‌ನಲ್ಲಿ ಕ್ವಾಲಿಫೈಯರ್ ತೆರೆದು ಹ್ಯೂ ಮತ್ತು ಸ್ಯಾಚುರೇಶನ್ ಆಫ್ ಮಾಡಿ, ಲ್ಯೂಮಿನನ್ಸ್ ಒಂದರಿಂದಲೇ ಸುಮಾರು ಶೇ. 2ರಿಂದ 20ರವರೆಗಿನ ಬೆಳಕನ್ನು ಹಿಡಿಯಿರಿ. ಎರಡೂ ಕಡೆಯ ಸಾಫ್ಟ್‌ನೆಸ್ ಧಾರಾಳವಾಗಿರಲಿ. ಅಂಚು ಗಟ್ಟಿಯಾದರೆ ಎಲ್ಲಿಂದ ಗ್ರೇನ್ ಶುರುವಾಯಿತು ಎಂದು ಗೆರೆ ಎಳೆದಂತೆ ಕಾಣುತ್ತದೆ. ಪೂರ್ತಿ ಕಪ್ಪನ್ನು ಆಯ್ಕೆಯಿಂದ ಹೊರಗಿಡಿ. ಈ ನೋಡ್ ಸಾಮಾನ್ಯ ಗ್ರೇನ್ ನೋಡ್‌ಗಿಂತ ಮೊದಲು ಬರಲಿ. ನಂತರ ಇಟ್ಟರೆ ಕ್ವಾಲಿಫೈಯರ್ ಗ್ರೇನ್ ಬಿದ್ದ ಚಿತ್ರವನ್ನು ನೋಡಿ ಆಯ್ಕೆ ಮಾಡಬೇಕಾಗುತ್ತದೆ, ಆ ಆಯ್ಕೆಯೇ ಕುಣಿಯತೊಡಗುತ್ತದೆ.

ಇನ್ನೊಂದು ಎಚ್ಚರಿಕೆ. ಮೇಲಿನ ಲೆಕ್ಕವೆಲ್ಲ ರೆಕ್ 709ಕ್ಕೆ ಬಂದ ಚಿತ್ರಕ್ಕೆ ಸಂಬಂಧಿಸಿದ್ದು. ಲಾಗ್‌ನಲ್ಲಿ ತೆಗೆದ ದೃಶ್ಯಕ್ಕೆ ಬಣ್ಣ ಪರಿವರ್ತನೆಗೂ ಮೊದಲೇ ಗ್ರೇನ್ ಹಾಕಿದರೆ, ಆಮೇಲಿನ ಕಾಂಟ್ರಾಸ್ಟ್ ಕರ್ವ್ ಗ್ರೇನನ್ನೂ ಹಿಗ್ಗಿಸುತ್ತದೆ. ಗ್ರೇಡಿಂಗಿನಲ್ಲಿ ಕೈಯಾಡಿಸಿದಾಗಲೆಲ್ಲ ಗ್ರೇನ್ ಬದಲಾಗುತ್ತ ಹೋಗುತ್ತದೆ. ಗ್ರೇಡಿಂಗ್, ಶಾರ್ಪ್‌ನೆಸ್ ಎಲ್ಲ ಮುಗಿದ ಮೇಲೇ ಅದಕ್ಕೆ ಜಾಗ.

ಕಣದ ಗಾತ್ರ, ಬಣ್ಣ, ಚಲನೆ

1080 ಗೆರೆಗಳ ವಿಡಿಯೋಗೆ ಗ್ರೇನ್ ಕಣ ಒಂದೂವರೆಯಿಂದ ಎರಡು ಪಿಕ್ಸೆಲ್ ಅಗಲ ಇದ್ದರೆ ಒಳ್ಳೆಯದು. ಒಂದೇ ಪಿಕ್ಸೆಲ್ ಕಣ ಸಿಗ್ನಲ್ ಇಲ್ಲದ ಟಿವಿಯ ಚುಕ್ಕೆಯಂತೆ ಚೂಪಾಗಿರುತ್ತದೆ, ಎನ್‌ಕೋಡರ್ ಅದನ್ನು ಮೊದಲ ಏಟಿಗೇ ಅಳಿಸುತ್ತದೆ. ಮೂರು ಪಿಕ್ಸೆಲ್ ದಾಟಿದರೆ ಹಳೆಯ 16 ಎಂಎಂ ಫಿಲ್ಮಿನ ನೋಟ ಬರುತ್ತದೆ. ಅದೇ ಬೇಕೆನ್ನುವವರಿಗೆ ಸರಿ, ಸಹಜತೆ ಬೇಕೆನ್ನುವವರಿಗಲ್ಲ.

ಗಾತ್ರದ ಲೆಕ್ಕ ತಪ್ಪುವುದು ಹೆಚ್ಚಾಗಿ ರೆಸಲ್ಯೂಶನ್ ಬದಲಾಯಿಸುವಾಗ. 4ಕೆ ಟೈಮ್‌ಲೈನಿನಲ್ಲಿ ಒಂದು ಪಿಕ್ಸೆಲ್ಲಿನ ಗ್ರೇನ್ ಹಾಕಿ 1080ಕ್ಕೆ ರೆಂಡರ್ ಮಾಡಿದರೆ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತವೆ, ಗ್ರೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಟೈಮ್‌ಲೈನಿನ ರೆಸಲ್ಯೂಶನ್ ಅನ್ನು ಕೊನೆಗೆ ಕೊಡುವ ಗಾತ್ರಕ್ಕೇ ಇಟ್ಟು, ಆಮೇಲೆ ಗ್ರೇನ್ ಹಾಕಿ.

ಗ್ರೇನ್‌ನ ಸ್ಯಾಚುರೇಶನ್ ಸೊನ್ನೆಗೆ ಹತ್ತಿರ ಇರಲಿ. ನೋಡುಗರಿಗೆ ಹೋಗುವ ವಿಡಿಯೋದಲ್ಲಿ ಬಣ್ಣದ ಮಾಹಿತಿ ಉದ್ದಕ್ಕೂ ಅಗಲಕ್ಕೂ ಅರ್ಧ ರೆಸಲ್ಯೂಶನ್‌ನಲ್ಲಿರುತ್ತದೆ. ಎರಡು ಪಿಕ್ಸೆಲ್ಲಿನ ಬಣ್ಣದ ಕಣ ಅಲ್ಲಿ ಹರಡಿಕೊಂಡು, ಕಷ್ಟಪಟ್ಟು ತೆಗೆದ ಅದೇ ನೇರಳೆ ಮಚ್ಚೆಯಾಗಿ ಮರಳುತ್ತದೆ.

ಇನ್ನು, ಗ್ರೇನ್ ಪ್ರತಿ ಫ್ರೇಮಿಗೂ ಹೊಸದಾಗಿ ಹುಟ್ಟಬೇಕು. ಒಂದೇ ಚಿತ್ರವನ್ನು ಗ್ರೇನ್ ಪದರವಾಗಿ ಇಟ್ಟರೆ ಕ್ಯಾಮೆರಾ ಪ್ಯಾನ್ ಆದೊಡನೆ ಕಣ ನಿಂತಲ್ಲೇ ನಿಂತು ಚಿತ್ರ ಅದರ ಹಿಂದೆ ಸರಿಯುತ್ತದೆ. ಸ್ಕ್ಯಾನ್ ಮಾಡಿದ ಗ್ರೇನ್ ಕ್ಲಿಪ್ಪನ್ನು ಲೂಪ್ ಮಾಡುವವರು ಅದು ಒಂದೆರಡು ಸೆಕೆಂಡಿನದಲ್ಲ ಎಂದು ನೋಡಿಕೊಳ್ಳಿ. ಚಿಕ್ಕ ಲೂಪಿನಲ್ಲಿ ಎದ್ದು ಕಾಣುವ ಒಂದು ಕಣ ಮತ್ತೆ ಮತ್ತೆ ಅದೇ ಜಾಗದಲ್ಲಿ ಮಿನುಗುವುದನ್ನು ಕಣ್ಣು ಬೇಗ ಹಿಡಿಯುತ್ತದೆ. ರಿಸಾಲ್ವ್‌ನ `Film Grain` ಇದನ್ನು ತಾನೇ ನೋಡಿಕೊಳ್ಳುತ್ತದೆ.

ಅಳತೆ: ವೇವ್‌ಫಾರ್ಮ್‌ನ ಗೆರೆಯ ದಪ್ಪ

ಎಷ್ಟು ಗ್ರೇನ್ ಎಂಬುದನ್ನು ಕಣ್ಣಂದಾಜಿಗೆ ಬಿಟ್ಟರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಆಗುತ್ತದೆ. ವೇವ್‌ಫಾರ್ಮ್ ಬಳಸಿ. ನಡು ಬೆಳಕಿನ, ಒಂದೇ ಬಣ್ಣದ ಸಣ್ಣ ಜಾಗ ಹುಡುಕಿ: ವೇಷದ ಮುಖದ ಅರದಾಳ ಬಳಿದ ಭಾಗ, ರಥವಾಗುವ ಮರದ ಪೀಠದ ಬದಿ, ಯಾವುದಾದರೂ ಸರಿ. ಅಲ್ಲಿಗೆ ಝೂಮ್ ಮಾಡಿ ಚಿತ್ರದಲ್ಲಿ ಅದೊಂದೇ ಉಳಿಯುವಂತೆ ಮಾಡಿಕೊಳ್ಳಬೇಡಿ, ಝೂಮ್ ಕಣದ ಗಾತ್ರವನ್ನೇ ಬದಲಿಸುತ್ತದೆ. ಕ್ರಾಪ್ ಮಾಡಿ ಉಳಿದದ್ದನ್ನು ಮರೆಮಾಡಿ. 0ರಿಂದ 1023ರ ಮಾಪಕದಲ್ಲಿ ಆ ಜಾಗ ಒಂದು ಅಡ್ಡ ಗೆರೆಯಾಗಿ ಕಾಣುತ್ತದೆ. ಗೆರೆಯ ದಪ್ಪವೇ ನಾಯ್ಸ್. ಸೂಕ್ಷ್ಮವಾಗಿ, ಇದೆ ಎಂದು ಗೊತ್ತಾಗದಂತೆ ಇರಬೇಕಾದ ಗ್ರೇನ್‌ಗೆ 1080ರಲ್ಲಿ ಸುಮಾರು 60ರ ದಪ್ಪ ಒಳ್ಳೆಯ ಗುರಿ.

ಈಗ ನಮ್ಮ ಎರಡು ಕ್ಯಾಮೆರಾಗಳಿಗೆ ಬರೋಣ. ದೂರದಿಂದ ಹಿಡಿದ ಮೊದಲ ಕ್ಯಾಮೆರಾದಲ್ಲಿ, ಡಿನಾಯ್ಸ್ ಆದ ಮೇಲೂ ವೇಷದ ಮೇಲೆ 36ರ ದಪ್ಪ ಉಳಿದಿದೆ ಎಂದುಕೊಳ್ಳಿ. ಗುರಿ 60. ಹಾಗಾದರೆ 24 ಸೇರಿಸಿದರೆ ಸಾಕೇ? ಸಾಲದು. ಎರಡು ಬೇರೆ ಬೇರೆ ನಾಯ್ಸ್ ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. 60ರ ವರ್ಗ 3600, 36ರ ವರ್ಗ 1296. ವ್ಯತ್ಯಾಸ 2304, ಅದರ ವರ್ಗಮೂಲ 48. ಅಂದರೆ 48 ದಪ್ಪದ ಗ್ರೇನ್ ಬೇಕು.

ಈ ಲೆಕ್ಕದಲ್ಲೇ ಗ್ರೇನ್‌ನ ನಿಜವಾದ ಉಪಯೋಗವೂ ಕಾಣುತ್ತದೆ. ಅದೇ ಶಾಟಿನಲ್ಲಿ, ಅಷ್ಟೇ ಬೆಳಕಿರುವ ಆದರೆ ಅಲುಗಾಡದ ಒಂದು ಜಾಗದಲ್ಲಿ ಉಳಿದ ನಾಯ್ಸ್ 12 ಇರಲಿ. ವೇಷಕ್ಕೂ ಅದಕ್ಕೂ ಮೂರು ಪಟ್ಟು ವ್ಯತ್ಯಾಸ, ಅದಕ್ಕೇ ಅಂಟಿಸಿದಂತೆ ಕಾಣುತ್ತಿದ್ದದ್ದು. ಎರಡಕ್ಕೂ 48 ಸೇರಿಸಿ ನೋಡಿ: ವೇಷ 60 ಆಗುತ್ತದೆ, ನಿಂತ ಜಾಗ 49.5. ಮೂರು ಪಟ್ಟಿನ ವ್ಯತ್ಯಾಸ 1.2 ಪಟ್ಟಿಗೆ ಇಳಿಯಿತು. ವೇಷ ಮತ್ತೆ ರಂಗಸ್ಥಳದಲ್ಲೇ ನಿಂತಿದೆ.

ಎರಡನೆಯ ಕ್ಯಾಮೆರಾ ಹತ್ತಿರದಿಂದ ಕಡಿಮೆ ಐಎಸ್‌ಒನಲ್ಲಿ ತೆಗೆದದ್ದು. ಡಿನಾಯ್ಸ್ ಆದ ಮೇಲೆ ಉಳಿದದ್ದು 17. ಎರಡಕ್ಕೂ ಒಂದೇ ಗ್ರೇನ್ ಹಾಕಿದರೆ ಕಟ್ ಆದಾಗಲೆಲ್ಲ ಚಿತ್ರದ ಮೈ ಬದಲಾಗುತ್ತದೆ. ಮೊದಲು ಅದನ್ನು 36ಕ್ಕೆ ತರಬೇಕು: 1296ರಿಂದ 289 ಕಳೆದರೆ 1007, ಅದರ ವರ್ಗಮೂಲ ಸುಮಾರು 32. ಎರಡನೆಯ ಕ್ಯಾಮೆರಾದ ಕ್ಲಿಪ್‌ಗಳಿಗೆ ಮಾತ್ರ 32ರ ಗ್ರೇನ್. ಆಮೇಲೆ ಎರಡಕ್ಕೂ ಸೇರಿ 48ರದ್ದು.

ಸಾಮಾನ್ಯವಾದ ಈ 48ರ ಗ್ರೇನನ್ನು ಮೇಲೊಂದು ಅಡ್ಜಸ್ಟ್‌ಮೆಂಟ್ ಕ್ಲಿಪ್‌ನಲ್ಲಿ ಇಡಿ. ಮೇಳದ ಹೆಸರು, ಪ್ರಸಂಗದ ಹೆಸರು, ಕಲಾವಿದರ ಪಟ್ಟಿ ಇರುವ ಟೈಟಲ್ ಟ್ರ್ಯಾಕ್ ಅದಕ್ಕೂ ಮೇಲಿರಲಿ; ಅಕ್ಷರಗಳ ಮೇಲೆ ಗ್ರೇನ್ ಬೇಕಿಲ್ಲ, ಅಂಚು ಕೊರೆದಂತೆ ಕಾಣುತ್ತದೆ. ಅಡ್ಜಸ್ಟ್‌ಮೆಂಟ್ ಕ್ಲಿಪ್‌ನೊಳಗೆ ಮೊದಲ ನೋಡ್ ಕತ್ತಲಿನದು, ಎರಡನೆಯದು ಸಾಮಾನ್ಯ. ಎರಡರಲ್ಲೂ `Film Grain`, ಸ್ಯಾಚುರೇಶನ್ ಕನಿಷ್ಠ. ಸಾಮಾನ್ಯ ನೋಡ್‌ನ ಕಾಂಪೋಸಿಟ್ ಓವರ್‌ಲೇ. ಮೊದಲು ಗಾತ್ರ ಹೊಂದಿಸಿ, ಆಮೇಲೆ ಸ್ಟ್ರೆಂತ್ ಏರಿಸುತ್ತ ವೇವ್‌ಫಾರ್ಮ್ ನೋಡಿ. ಗೆರೆ ದಪ್ಪವಾಗಬೇಕು, ಆದರೆ ಅದರ ನಡು ಇದ್ದಲ್ಲೇ ಇರಬೇಕು. ಒಟ್ಟು ಗೆರೆ ಮೇಲಕ್ಕೆ ಸರಿದರೆ, ಅಥವಾ ಕಪ್ಪಿನ ತಳ ಎದ್ದರೆ, ಕಾಂಪೋಸಿಟ್ ಮೋಡ್ ತಪ್ಪಾಗಿದೆ ಇಲ್ಲವೇ ಕತ್ತಲಿನ ನೋಡ್ ಪೂರ್ತಿ ಕಪ್ಪನ್ನೂ ಹಿಡಿದಿದೆ.

ಕೊನೆಯ ತೀರ್ಪು ಕಣ್ಣಿನದೇ, ಆದರೆ ವಿಡಿಯೋ ಓಡುತ್ತಿರುವಾಗ. ನಿಲ್ಲಿಸಿದ ಫ್ರೇಮಿನಲ್ಲಿ ಗ್ರೇನ್ ಯಾವಾಗಲೂ ಹೆಚ್ಚೆನಿಸುತ್ತದೆ. ಓಡುವಾಗ ಕಣ್ಣು ಹಲವು ಫ್ರೇಮುಗಳನ್ನು ಬೆರೆಸಿ ನೋಡುವುದರಿಂದ ತಗ್ಗುತ್ತದೆ. ವಿಡಿಯೋ ನಿಲ್ಲಿಸಿ ಹೊಂದಿಸಿದ ಗ್ರೇನ್ ಅದಕ್ಕೇ ಕೊನೆಗೆ ಸಾಲದೆ ಬರುವುದು. ವ್ಯೂವರ್ ಶೇ. 100ರಲ್ಲಿರಲಿ, ಪ್ರಾಕ್ಸಿ ಆಫ್ ಆಗಿರಲಿ. ಕುಗ್ಗಿಸಿದ ವ್ಯೂವರ್‌ನಲ್ಲಿ ಕಾಣುವುದು ನಿಮ್ಮ ಗ್ರೇನ್ ಅಲ್ಲ.

ಎನ್‌ಕೋಡ್‌ನಲ್ಲಿ ಉಳಿಸಿಕೊಳ್ಳುವುದು

ವಿಡಿಯೋ ಕೊಡೆಕ್ ಜಾಗ ಉಳಿಸುವುದು ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸಿ. ಗ್ರೇನ್ ಅನ್ನು ಊಹಿಸಲು ಬರುವುದಿಲ್ಲ. ಯೂಟ್ಯೂಬ್ 1080ರ 25 ಫ್ರೇಮಿನ ವಿಡಿಯೋ ಅಪ್‌ಲೋಡಿಗೆ ಸೂಚಿಸುವುದು 8 ಎಂಬಿಪಿಎಸ್, ಅಂದರೆ ಪಿಕ್ಸೆಲ್ಲಿಗೆ ಸುಮಾರು 0.15 ಬಿಟ್. ಇಷ್ಟರಲ್ಲಿ ಕಣಗಳಿಗೆ ಪಾಲು ಸಿಗುವುದು ಕಷ್ಟ. ಬಿಟ್ ಸಾಲದಾದಾಗ ಕಾಣುವ ಗುರುತು ಸ್ಪಷ್ಟ: ಊಹೆಯಿಲ್ಲದೆ ಪೂರ್ತಿಯಾಗಿ ಬರೆದಿಡುವ ಕೀ ಫ್ರೇಮಿನಲ್ಲಿ ಗ್ರೇನ್ ಇರುತ್ತದೆ, ನಂತರದ ಫ್ರೇಮುಗಳಲ್ಲಿ ನಿಧಾನವಾಗಿ ಕರಗುತ್ತದೆ, ಮುಂದಿನ ಕೀ ಫ್ರೇಮಿಗೆ ದಿಢೀರನೆ ಮರಳುತ್ತದೆ. ಒಂದೆರಡು ಸೆಕೆಂಡಿಗೊಮ್ಮೆ ಪರದೆ ಉಸಿರಾಡಿದಂತೆ ಕಂಡರೆ ಕಾರಣ ಇದೇ. ಗ್ರೇನ್‌ನ ಸೆಟ್ಟಿಂಗ್ ತಿದ್ದಲು ಹೋಗಬೇಡಿ.

ಸಂಗ್ರಹಕ್ಕೆ ಅಥವಾ ಪೆನ್‌ಡ್ರೈವಿನಲ್ಲಿ ಮೇಳಕ್ಕೆ ಕೊಡುವ ಪ್ರತಿಗೆ, ರಿಸಾಲ್ವ್‌ನಿಂದ 10 ಬಿಟ್ ಮಾಸ್ಟರ್ ತೆಗೆದು ಹೀಗೆ ಮಾಡಬಹುದು:

```
ffmpeg -i master.mov -c:v libx264 -preset slow -tune grain -crf 17 -pix_fmt yuv420p -c:a aac -b:a 320k aata.mp4
```

`-tune grain` ಎಂಬುದು ಡಿಬ್ಲಾಕಿಂಗ್ ಇಳಿಸುತ್ತದೆ, ಸಣ್ಣ ವಿವರಗಳನ್ನು ಎಸೆಯುವ ಚಾಳಿಗೆ ಕಡಿವಾಣ ಹಾಕುತ್ತದೆ, ಕೀ ಫ್ರೇಮಿಗೂ ಉಳಿದವಕ್ಕೂ ಗುಣಮಟ್ಟದ ಅಂತರ ಕಡಿಮೆ ಮಾಡುತ್ತದೆ. ಆ ಉಸಿರಾಟ ನಿಲ್ಲುವುದು ಈ ಕೊನೆಯದರಿಂದ. ಫೈಲ್ ದೊಡ್ಡದಾಗುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ.

ಎವಿ1 ಕೊಡೆಕ್ ಇದಕ್ಕೊಂದು ಜಾಣ ಉಪಾಯ ಇಟ್ಟುಕೊಂಡಿದೆ. ಗ್ರೇನ್‌ನ ಸ್ವಭಾವವನ್ನಷ್ಟೇ ಕೆಲವು ಅಂಕಿಗಳಲ್ಲಿ ಬರೆದಿಟ್ಟು, ನೋಡುವ ಸಾಧನದಲ್ಲೇ ಗ್ರೇನನ್ನು ಮತ್ತೆ ಹುಟ್ಟಿಸುತ್ತದೆ. ಯಾವ ಬೆಳಕಿಗೆ ಎಷ್ಟು ಎಂಬುದೂ ಆ ಅಂಕಿಗಳಲ್ಲೇ ಇರುತ್ತದೆ.

```
ffmpeg -i master.mov -c:v libsvtav1 -preset 5 -crf 28 -pix_fmt yuv420p10le -svtav1-params film-grain=8:film-grain-denoise=1 -c:a libopus aata.mkv
```

ಇಲ್ಲಿ ಇನ್‌ಪುಟ್ ಆಗಿ ಕೊಡಬೇಕಾದದ್ದು ಗ್ರೇನ್ ಹಾಕಿದ ಮಾಸ್ಟರ್. ಎನ್‌ಕೋಡರ್ ಅದರಿಂದಲೇ ಗ್ರೇನ್ ಅಳೆಯುತ್ತದೆ, ತೊಳೆದಿಟ್ಟ ವಿಡಿಯೋ ಕೊಟ್ಟರೆ ಅಳೆಯಲು ಅಲ್ಲಿ ಏನೂ ಇರುವುದಿಲ್ಲ. ಮತ್ತು ಈ ಉಪಾಯ ನೇರವಾಗಿ ನೋಡುವ ಫೈಲಿಗೆ ಮಾತ್ರ ಉಪಯುಕ್ತ. ಯೂಟ್ಯೂಬಿಗೆ ಹಾಕಿದರೆ ಅದು ಬಿಚ್ಚಿ ಮತ್ತೆ ತನ್ನ ರೀತಿ ಎನ್‌ಕೋಡ್ ಮಾಡುತ್ತದೆ, ಆ ಅಂಕಿಗಳು ಅಲ್ಲಿಗೇ ಮುಗಿಯುತ್ತವೆ.

ಯೂಟ್ಯೂಬಿಗಾದರೆ 1080ರ ಮಾಸ್ಟರನ್ನು 2160ಕ್ಕೆ ಹಿಗ್ಗಿಸಿ ಅಪ್‌ಲೋಡ್ ಮಾಡಿ. ದೊಡ್ಡ ಗಾತ್ರಕ್ಕೆ ಅವರು ಕೊಡುವ ಬಿಟ್‌ರೇಟ್ ಹೆಚ್ಚು, ಎರಡು ಪಿಕ್ಸೆಲ್ಲಿನ ಕಣ ಅಲ್ಲಿ ನಾಲ್ಕಾಗಿ ಎನ್‌ಕೋಡರ್ ಕೈಯಿಂದ ಪಾರಾಗುತ್ತದೆ. ಇಡೀ ರಾತ್ರಿಯ ಆಟ ಹಾಕುವ ಮೊದಲು ಅತಿ ಕತ್ತಲಿನ ಒಂದು, ದೇವಿಯ ಸುತ್ತ ದೊಂದಿ ಉರಿಯುವ ಒಂದು, ಹೀಗೆ ಅರ್ಧ ನಿಮಿಷದ ಎರಡು ತುಣುಕನ್ನು ಅನ್‌ಲಿಸ್ಟೆಡ್ ಆಗಿ ಹಾಕಿ, ಫೋನು ಮತ್ತು ಟಿವಿ ಎರಡರಲ್ಲೂ ನೋಡಿ. ವಾಟ್ಸಾಪಿಗೆ ಕಳಿಸುವ ತುಣುಕಿನಲ್ಲಿ ಮಾತ್ರ ಅಡ್ಜಸ್ಟ್‌ಮೆಂಟ್ ಕ್ಲಿಪ್ ಆಫ್ ಮಾಡಿ ರೆಂಡರ್ ಮಾಡುವುದೇ ಒಳ್ಳೆಯದು. ಅಷ್ಟು ಕಡಿಮೆ ಬಿಟ್‌ರೇಟಿನಲ್ಲಿ ಗ್ರೇನ್ ಉಳಿಯುವುದಿಲ್ಲ, ಅದನ್ನು ಉಳಿಸಲು ಹೋಗಿ ಎನ್‌ಕೋಡರ್ ಮುಖವನ್ನೂ ಚೌಕ ಚೌಕ ಮಾಡಿಬಿಡುತ್ತದೆ.